ಬೆಳಿಗ್ಗೆ ಬಾರ್ ಭಾರವಾದರೆ ಶಕ್ತಿ ಹೋಯಿತು ಎಂದಲ್ಲ

"ಸಂಜೆ ವ್ಯಾಯಾಮ ಮಾಡುತ್ತಿದ್ದೆ, ಈಗ ಬೆಳಿಗ್ಗೆಗೆ ಬದಲಾಯಿಸಿದ್ದೇನೆ. ಅದೇ ತೂಕ ಏಳುತ್ತಿಲ್ಲ. ಶಕ್ತಿ ಕಡಿಮೆಯಾಯಿತೇ? ಮತ್ತೆ ಸಂಜೆಗೇ ಹೋಗಲೇ?"

ಬಾರಿನ ಮೇಲಿನ ತೂಕ ಇಳಿಸುವ ಮೊದಲು ಇದನ್ನು ಓದಿ. ನಾನು ಇಳಿಸಿದೆ, ಮೂರು ತಿಂಗಳು ಕಳೆದುಕೊಂಡೆ.

ಸಂಜೆ ಆರೂವರೆಗೆ 100 ಕೆಜಿ ಸ್ಕ್ವಾಟ್, ಐದೈದರಂತೆ ಮೂರು ಸೆಟ್ ಮಾಡುತ್ತಿದ್ದೆ. ಕೆಲಸದ ವೇಳೆ ಬದಲಾಗಿ ಬೆಳಿಗ್ಗೆ ಐದೂವರೆಗೆ ಬಂದೆ. ಮೊದಲ ದಿನವೇ 100 ಕೆಜಿ ನಾಲ್ಕನೇ ಸಲಕ್ಕೆ ಅರ್ಧದಲ್ಲಿ ನಿಂತುಬಿಟ್ಟಿತು. ಹೆದರಿ 90ಕ್ಕೆ ಇಳಿದೆ. ಎರಡು ವಾರ ಬಿಟ್ಟು 87.5.

ತಪ್ಪು ಆಗಿದ್ದು ಬಾರಿನ ಕೆಳಗೆ ನಿಲ್ಲುವ ಮೊದಲೇ. ಸಂಜೆ ನನ್ನ ವಾರ್ಮಪ್ ಅಂದರೆ ಖಾಲಿ ಬಾರ್ ಒಂದು ಸೆಟ್, 60 ಕೆಜಿ ಒಂದು ಸೆಟ್, ಆಮೇಲೆ ನೇರ 100. ಅಷ್ಟು ಸಾಕಾಗುತ್ತಿತ್ತು, ಏಕೆಂದರೆ ಉಳಿದ ಕೆಲಸವನ್ನು ಇಡೀ ದಿನದ ಓಡಾಟ ಮಾಡಿಟ್ಟಿರುತ್ತಿತ್ತು. ಮೈಯ ಒಳಗಿನ ಉಷ್ಣಾಂಶ ನಾವು ಏಳುವುದಕ್ಕೆ ಸುಮಾರು ಎರಡು ಗಂಟೆ ಮೊದಲು ಅತಿ ಕಡಿಮೆ ಇರುತ್ತದೆ, ಸಂಜೆಯ ಹೊತ್ತಿಗೆ ಅರ್ಧದಿಂದ ಒಂದು ಡಿಗ್ರಿಯಷ್ಟು ಏರಿರುತ್ತದೆ. ಬೆಚ್ಚಗಿನ ಸ್ನಾಯು ಬೇಗ ಸಂಕುಚಿಸುತ್ತದೆ, ನರದ ಸಂದೇಶವೂ ಬೇಗ ಓಡುತ್ತದೆ. ಭಾರ ಎತ್ತುವುದು, ಜಿಗಿತ, ವೇಗದ ಓಟ ಇವುಗಳಲ್ಲಿ ಅದು ಶೇಕಡಾ ಐದು, ಕೆಲವರಲ್ಲಿ ಹತ್ತರಷ್ಟು ವ್ಯತ್ಯಾಸವಾಗಿ ಕಾಣುತ್ತದೆ. ನಿಧಾನದ ಓಟದಲ್ಲಿ ಇಷ್ಟು ಗೊತ್ತಾಗುವುದಿಲ್ಲ.

100 ಕೆಜಿಯಲ್ಲಿ ಶೇಕಡಾ ಐದು ಅಂದರೆ 5 ಕೆಜಿ. ಅದನ್ನು ನಾನು ಸ್ನಾಯು ಕರಗಿತು ಎಂದು ಓದಿಕೊಂಡೆ. 90, 87.5ರಲ್ಲಿ ಸೆಟ್ ಮುಗಿದಾಗಲೂ ಇನ್ನು ನಾಲ್ಕೈದು ಸಲ ಏಳುವಷ್ಟು ಕಸುವು ಉಳಿದಿರುತ್ತಿತ್ತು. ಆ ಹಗುರ ತೂಕದಲ್ಲೇ ತಿಂಗಳುಗಟ್ಟಲೆ ಮಾಡಿದ್ದರಿಂದ ಆಮೇಲೆ ಶಕ್ತಿ ನಿಜವಾಗಿಯೂ ಇಳಿಯಿತು. ಕೊನೆಗೊಂದು ಸಂಜೆ ಹೋಗಿ ನೋಡಿದರೆ 95 ಕೂಡ ಮೂರೇ ಸಲ ಎದ್ದಿತು. ಈ ಪರೀಕ್ಷೆಯನ್ನು ಮೊದಲ ವಾರವೇ ಮಾಡಿದ್ದರೆ 100 ಎಂದಿನಂತೆ ಎದ್ದಿರುತ್ತಿತ್ತು, ನನಗೂ ಉತ್ತರ ಅಲ್ಲೇ ಸಿಕ್ಕಿರುತ್ತಿತ್ತು. ನೀವು ಈ ವಾರವೇ ಒಂದು ಸಂಜೆ ಹೋಗಿ ಹಳೆಯ ತೂಕ ಎತ್ತಿ ನೋಡಿ.

ಈಗ ಬೆಳಿಗ್ಗೆ ನಾನು ಮಾಡುವುದು ಹೀಗೆ. ಮೊದಲು ಹತ್ತು ನಿಮಿಷ ಸೈಕಲ್, ಹಣೆಯಲ್ಲಿ ಬೆವರು ಮೂಡುವವರೆಗೆ. ಆಮೇಲೆ 20 ಕೆಜಿಯ ಖಾಲಿ ಬಾರಿನಲ್ಲಿ ಎಂಟರ ಎರಡು ಸೆಟ್, 40ರಲ್ಲಿ ಐದು, 60ರಲ್ಲಿ ಮೂರು, 75ರಲ್ಲಿ ಎರಡು, 87.5ರಲ್ಲಿ ಒಂದೇ ಒಂದು. ಅಲ್ಲಿಂದ ಕೆಲಸದ ಸೆಟ್. ಡೆಡ್‌ಲಿಫ್ಟ್ ಇದ್ದರೆ ಎದ್ದು ಒಂದು ಗಂಟೆಯಾದರೂ ಕಳೆದಿರಬೇಕು. ರಾತ್ರಿ ಮಲಗಿದಾಗ ಬೆನ್ನುಮೂಳೆಯ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಕೂಡಲೇ ಸೊಂಟ ಬಾಗಿಸಿ ಭಾರ ಹಿಡಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ನಡೆದಾಡುತ್ತಿದ್ದರೆ ಆ ಉಬ್ಬು ಬಹುಪಾಲು ಮೊದಲ ಗಂಟೆಯಲ್ಲೇ ಇಳಿಯುತ್ತದೆ.

ವಾರ್ಮಪ್ ಸಾಕಾಯಿತೋ ಇಲ್ಲವೋ ಎನ್ನುವುದನ್ನು ಸೆಟ್‌ಗಳೇ ಹೇಳುತ್ತವೆ. ಮೊದಲನೆಯದು ಭಾರವೆನಿಸಿ ಮೂರನೆಯದು ಹಗುರವೆನಿಸಿದರೆ ಮೈ ಕಾದಿರಲಿಲ್ಲ ಎಂದೇ ಅರ್ಥ, ನಾಳೆ ಇನ್ನೊಂದೆರಡು ಸೆಟ್ ಸೇರಿಸಿ. ಒಂದಕ್ಕಿಂತ ಒಂದು ತೀರಾ ಕೆಡುತ್ತಾ ಹೋದರೆ ವಾರ್ಮಪ್ ದೂರಬೇಡಿ. ನಿದ್ದೆ ಎಷ್ಟಾಯಿತು, ಹಿಂದಿನ ರಾತ್ರಿ ಏನು ತಿಂದಿರಿ ನೋಡಿ.

ಇನ್ನು "ಸಂಜೆಗೇ ಹೋಗಲೇ" ಅನ್ನುವ ಮಾತು. ಬಾರ್ ಭಾರವಾಗುತ್ತದೆ ಎಂಬ ಕಾರಣಕ್ಕಂತೂ ಬೇಡ. ಒಂದೇ ಹೊತ್ತಿಗೆ ಕೆಲವು ವಾರ ಬಿಡದೆ ಮಾಡಿದರೆ ದೇಹ ಆ ಹೊತ್ತಿಗೆ ಒಗ್ಗುತ್ತದೆ, ಅಂತರ ಕಿರಿದಾಗುತ್ತದೆ. ಸ್ನಾಯು ಬೆಳೆಯುವ ವಿಷಯದಲ್ಲಿ ಬೆಳಿಗ್ಗೆಯೋ ಸಂಜೆಯೋ ಎಂಬುದರಿಂದ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಇಲ್ಲ. ದೇಹ ಒಗ್ಗುವವರೆಗೆ ನೋಟ್‌ಬುಕ್ಕಿನಲ್ಲಿ ಬೆಳಗಿನದಕ್ಕೆ ಬೇರೆ ಪುಟ ಇಡಿ, ಬೆಳಗಿನ ತೂಕವನ್ನು ಬೆಳಗಿನ ತೂಕದ ಜೊತೆಗೇ ಹೋಲಿಸಿ. 100ರ ಬದಲು 95ರಿಂದ ಶುರುಮಾಡಿ, ಮೂರು ಸೆಟ್ಟೂ ಪೂರ್ತಿಯಾದ ಮೇಲೆ 2.5 ಕೆಜಿ ಏರಿಸಿ. ಸ್ಪರ್ಧೆಗೆ ಇಳಿಯುವವರಾದರೆ ಮಾತ್ರ ಸ್ಪರ್ಧೆ ನಡೆಯುವ ಹೊತ್ತಿಗೇ ಅಭ್ಯಾಸ ಮಾಡಿ.

ಐದಕ್ಕೆ ಏಳಲು ನೀವು ಹನ್ನೊಂದೂವರೆಗೆ ಮಲಗುತ್ತಿದ್ದರೆ ನನ್ನ ಉತ್ತರ ಬೇರೆ: ನಾಳೆಯಿಂದಲೇ ಸಂಜೆಗೆ ಹೋಗಿ, ಮಲಗುವುದಕ್ಕೆ ಎರಡು ಗಂಟೆ ಮೊದಲು ಮುಗಿಸಿ. ಐದೂವರೆ ಗಂಟೆಯ ನಿದ್ದೆಯಿಂದಾಗುವ ನಷ್ಟವನ್ನು ಯಾವ ವಾರ್ಮಪ್ಪೂ ತುಂಬಿಕೊಡುವುದಿಲ್ಲ.