ಮದುಮಗಳ ತುರ್ತು ಚೀಲ: ಪಿನ್ನು, ಮಾತ್ರೆ, ಚಪ್ಪಲಿ

ಪ್ರಶ್ನೆ: ಮುಂದಿನ ತಿಂಗಳು ನನ್ನ ತಂಗಿಯ ಮದುವೆ. ಆ ದಿನದ ತುರ್ತು ಚೀಲ ಸಿದ್ಧಪಡಿಸುವ ಹೊಣೆ ನನ್ನದು. ಸೇಫ್ಟಿ ಪಿನ್ನು, ಮಾತ್ರೆ, ಇನ್ನೊಂದು ಜೊತೆ ಚಪ್ಪಲಿ, ಇಷ್ಟು ಹೊಳೆದಿದೆ. ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು?

ಮದುಮಗಳಿಗೆ ಉಡುಪು ತೊಡಿಸಿ ಅಲಂಕರಿಸುವುದು ನನ್ನ ಕೆಲಸ. ಚೀಲ ದೊಡ್ಡದಾದಷ್ಟೂ ಬೇಕಾದ ವಸ್ತು ಬೇಗ ಕೈಗೆ ಸಿಗುವುದಿಲ್ಲವಾದ್ದರಿಂದ, ನೀವು ಹೇಳಿದ ಆ ಮೂರನ್ನೇ ಸರಿಯಾಗಿ ಆರಿಸಿಕೊಳ್ಳಿ ಎನ್ನುತ್ತೇನೆ.

ಪಿನ್ನುಗಳು ಚಿಕ್ಕದು, ನಡುವಣದ್ದು, ದೊಡ್ಡದು ಎಂದು ಮೂರು ಅಳತೆಯಲ್ಲಿರಲಿ. ತೆಳುವಾದ ಬಟ್ಟೆಗೆ ದೊಡ್ಡ ಪಿನ್ನು ಹಾಕಿದರೆ ತೂತು ಉಳಿಯುತ್ತದೆ; ಭಾರವಾದ ಬಟ್ಟೆಯನ್ನು ಚಿಕ್ಕ ಪಿನ್ನು ಹಿಡಿಯಲಾರದೆ ಬಾಗಿ ತೆರೆದುಕೊಳ್ಳುತ್ತದೆ. ರೇಷ್ಮೆಯಂಥ ಬಟ್ಟೆ ಹರಿಯುವುದು ಹೆಚ್ಚಾಗಿ ಪಿನ್ನಿನ ಮೊನೆಯಿಂದಲ್ಲ, ಅದರ ಹಿಂಬದಿಯ ಸುರುಳಿಯಲ್ಲಿ ಎಳೆ ಸಿಕ್ಕಿಕೊಳ್ಳುವುದರಿಂದ. ಚುಚ್ಚುವ ಮೊದಲು ಪಿನ್ನಿಗೆ ಒಂದು ಸಣ್ಣ ಮಣಿಯನ್ನು ಪೋಣಿಸಿ ಸುರುಳಿಯವರೆಗೆ ಸರಿಸಿದರೆ ಬಟ್ಟೆ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಹಳೆಯ ಪಿನ್ನುಗಳನ್ನು ಬಿಳಿ ಬಟ್ಟೆಯ ಚೂರಿಗೆ ಉಜ್ಜಿ ನೋಡಿ. ಕಂದು ಗೆರೆ ಮೂಡಿದರೆ ಅವು ಬೇಡ.

ಪಿನ್ನಿಗಿಂತಲೂ ಹೆಚ್ಚು ಸಲ ನನ್ನ ಕೈಹಿಡಿದದ್ದು ಮೊದಲೇ ದಾರ ಪೋಣಿಸಿಟ್ಟ ಸೂಜಿ. ಒಮ್ಮೆ ಮದುಮಗಳು ಹೊರಡುವ ಹೊತ್ತಿಗೆ ಬೆನ್ನಿನ ಜಿಪ್ ಬಾಯಿಬಿಟ್ಟಿತು. ಅದನ್ನು ಮತ್ತೆ ಎಳೆಯಲು ಹೋಗದೆ, ಎರಡೂ ಅಂಚುಗಳನ್ನು ಸೇರಿಸಿ, ಸೆಳೆತ ಹೆಚ್ಚಿರುವ ಸೊಂಟದ ಬಳಿ ಮೊದಲ ಪಿನ್ನು ಹಾಕಿ, ಆಮೇಲೆ ಅದರ ಮೇಲಕ್ಕೂ ಕೆಳಕ್ಕೂ ಹಾಕುತ್ತಾ ಹೋದೆ. ನಂತರ ಜೋಡಿ ದಾರದಲ್ಲಿ, ಬಟ್ಟೆಯದೇ ಬಣ್ಣದ ಹೊಲಿಗೆ ಹಾಕಿ ಪಿನ್ನುಗಳನ್ನು ಒಂದೊಂದಾಗಿ ತೆಗೆದೆ. ಹೀಗೆ ಹೊಲಿಯುವಾಗ ಆಕೆ ಉಸಿರು ಬಿಗಿಹಿಡಿಯದೆ ಸಹಜವಾಗಿ ಉಸಿರಾಡುತ್ತಿರಬೇಕು, ಇಲ್ಲದಿದ್ದರೆ ಕುಳಿತ ಕೂಡಲೇ ಹೊಲಿಗೆ ಕಿತ್ತುಬರುತ್ತದೆ. ರಾತ್ರಿ ಆ ಹೊಲಿಗೆ ಬಿಡಿಸಲು ಸಣ್ಣ ಕತ್ತರಿಯೂ ಬೇಕೆಂಬುದನ್ನು ಮರೆಯಬೇಡಿ.

ಔಷಧಿಯ ವಿಷಯದಲ್ಲಿ ನನ್ನ ನಿಲುವು ಖಚಿತ: ಮದುಮಗಳು ಈ ಹಿಂದೆ ಸೇವಿಸಿ ಒಗ್ಗಿದ ಮಾತ್ರೆಗಳಷ್ಟೇ ಚೀಲದಲ್ಲಿರಲಿ. ದಿನನಿತ್ಯದ ಮಾತ್ರೆ, ಬೇಕಿದ್ದವರಿಗೆ ಇನ್ಹೇಲರ್, ಇವು ಮೊದಲು. ತಲೆನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು. ಆದರೆ ಒಂದು ಸಲಕ್ಕೂ ಇನ್ನೊಂದಕ್ಕೂ ಕನಿಷ್ಠ 4 ಗಂಟೆಯ ಅಂತರವಿರಬೇಕು. ಅನೇಕ ನೆಗಡಿ ಮಾತ್ರೆಗಳಲ್ಲಿಯೂ ಇದೇ ಔಷಧಿ ಸೇರಿರುವುದರಿಂದ, ಎರಡನ್ನೂ ನುಂಗಿದರೆ ಪ್ರಮಾಣ ಅರಿವಿಲ್ಲದೆಯೇ ಮೀರಬಹುದು. ಕೊಟ್ಟ ಮಾತ್ರೆಯ ಹೆಸರು ಮತ್ತು ಸಮಯವನ್ನು ಚೀಟಿಯಲ್ಲಿ ಬರೆದಿಡಿ, ಏಕೆಂದರೆ ಆ ಗದ್ದಲದಲ್ಲಿ ಇನ್ನೊಬ್ಬರು ಬಂದು ಮತ್ತೊಂದನ್ನು ಕೊಡುವುದು ಉಂಟು. ಅಲರ್ಜಿಯ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ. ಸೆಟಿರಿಝಿನ್ ಕೂಡ ಕೆಲವರಿಗೆ ಹಾಗೆ ಮಾಡುತ್ತದೆ. ಮಾತ್ರೆಗಳನ್ನು ಅವುಗಳ ಮೂಲ ಪಟ್ಟಿಯಲ್ಲೇ ಇಡಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ತಲೆಸುತ್ತಿ ಬಂದರೆ ಮಾತ್ರೆ ಹುಡುಕುವುದಕ್ಕೆ ಮುಂಚೆ ಮಲಗಿಸಿ ಕಾಲುಗಳನ್ನು ಮೇಲೆತ್ತಿ ಇಡಿ. ಎದೆನೋವು ಅಥವಾ ಉಸಿರಾಟದ ತೊಂದರೆಯಾದರೆ ವೈದ್ಯರನ್ನೇ ಕರೆಯಬೇಕು, ಅದು ಚೀಲದಿಂದ ನೀಗುವ ಸಂಗತಿಯಲ್ಲ.

ಬದಲಿ ಚಪ್ಪಲಿ ಎಂದಕೂಡಲೇ ಎಲ್ಲರೂ ಚಪ್ಪಟೆಯದನ್ನು ಇಡುತ್ತಾರೆ. ಉಡುಪಿನ ಕೆಳಅಂಚನ್ನು ಹಿಮ್ಮಡಿಯೆತ್ತರದ ಚಪ್ಪಲಿಗೆ ಹೊಂದಿಸಿದ್ದರೆ, ಚಪ್ಪಟೆಯದನ್ನು ಮೆಟ್ಟಿದೊಡನೆ ಅಂಚು ನೆಲಕ್ಕೆ ತಾಗಿ, ಕಾಲಿಗೆ ಸಿಕ್ಕಿ ಎಡವುವಂತಾಗುತ್ತದೆ. ಹಾಗಾಗಿ ಬದಲಿಯದು ಅದೇ ಎತ್ತರದ್ದಾಗಿದ್ದು ಅಗಲವಾದ ಹಿಮ್ಮಡಿಯದಾಗಿರಲಿ, ಇಲ್ಲವೇ ಅಂಚನ್ನು ಮೇಲೆತ್ತಿ ಕಟ್ಟುವ ಏರ್ಪಾಡು ಮೊದಲೇ ಇರಲಿ. ಬಹಳ ಹೊತ್ತು ನಿಂತ ಪಾದ ಊದಿಕೊಳ್ಳುತ್ತದೆ, ಆದ್ದರಿಂದ ಅದು ತುಸು ಸಡಿಲವಾಗಿಯೇ ಇರಬೇಕು. ಚರ್ಮ ಬಿಸಿಯೇರಿ ಕೆಂಪಾದಾಗಲೇ ಗುಳ್ಳೆಗೆಂದು ಸಿಗುವ ದಪ್ಪ ಜೆಲ್ ಪಟ್ಟಿ ಅಂಟಿಸಿ. ಅದನ್ನು ಒಣಗಿದ ಚರ್ಮಕ್ಕೇ ಅಂಟಿಸಬೇಕು, ಬೆವರಿದ್ದರೆ ಮೊದಲು ಒರೆಸಿ. ಗುಳ್ಳೆ ಎದ್ದಿದ್ದರೆ ಒಡೆಯಬೇಡಿ.

ಉಳಿದಂತೆ ಟಿಶ್ಯೂ, ಸ್ಯಾನಿಟರಿ ಪ್ಯಾಡ್, ಹೇರ್‌ಪಿನ್ನು, ನೀರಿನ ಬಾಟಲಿ ಮತ್ತು ಮೊಬೈಲ್ ಚಾರ್ಜರ್ ಸಾಕು. ಕಲೆಯಾದರೆ ಉಜ್ಜದೆ ಟಿಶ್ಯೂವಿನಿಂದ ಒತ್ತಿ ತೆಗೆಯಿರಿ. ರೇಷ್ಮೆಯ ಮೇಲೆ ನೀರು ಹಾಕಿದರೆ ಅದೇ ಇನ್ನೊಂದು ಕಲೆಯಾಗಬಹುದು.

ಚೀಲವನ್ನು ಹಿಡಿಯುವವರು ಮದುಮಗಳ ಪಕ್ಕದಲ್ಲಿ ನಿಲ್ಲುವವರಾಗಿರದೆ, ಕರೆದಾಗ ಬರಬಲ್ಲ ಒಬ್ಬರೇ ಆಗಿರಲಿ. ಹಿಂದಿನ ರಾತ್ರಿ ಅವರಿಂದಲೇ ಚೀಲ ತುಂಬಿಸಿ, ಯಾವ ಖಾನೆಯಲ್ಲಿ ಏನಿದೆ ಎಂಬುದು ಅವರಿಗೆ ಕೇಳಬೇಕಾಗದಂತೆ ನೆನಪಿನಲ್ಲಿರಲಿ.