ಅಡುಗೆಕಟ್ಟೆಗೆ ಯಾವ ಕಲ್ಲು?

“ಕುಂಬಳೆಯ ಮನೆಯಲ್ಲಿ ಬಿಳಿ ಮಾರ್ಬಲ್ ಕಟ್ಟೆ. ಪುನರ್ಪುಳಿ ರಸ ಚೆಲ್ಲಿದಲ್ಲೆಲ್ಲ ಮಂಕು ಕಲೆ, ಉಜ್ಜಿದರೂ ಹೋಗದು. ಬದಲಿಸಿದರೆ ಕೋಟಾವೋ ಗ್ರಾನೈಟೋ?”

ಅದು ಬಹುಶಃ ಕಲೆಯಲ್ಲ, ಹುಳಿ ಕಲ್ಲಿನ ಹೊಳಪನ್ನೇ ತಿಂದದ್ದು. ಮಾರ್ಬಲ್‌ನಂತೆ ಕೋಟಾವೂ ಸುಣ್ಣದ ಕಲ್ಲೇ. ಅಗ್ಗ ನಿಜ, ಆದರೆ ಬಿಂಬುಳಿ, ಹುಣಸೆ ದಿನವೂ ಬೀಳುವ ನಮ್ಮ ಅಡುಗೆಮನೆಗೆ ಮತ್ತದೇ ಗೋಳು. ಗ್ರಾನೈಟ್ ಹಾಕಿಸಿ.

ಅಂಗಡಿಯಿಂದ ತುಂಡೊಂದು ತಂದು ನಾಲ್ಕು ಹನಿ ಲಿಂಬೆರಸ ಬಿಡಿ. ಹದಿನೈದು ನಿಮಿಷ ಬಿಟ್ಟು ತೊಳೆದು ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮಂಕಾದರೆ ಬೇಡ. ಆಮೇಲೆ ಎಣ್ಣೆ ಹನಿ: ಕಪ್ಪಾಗಿ ಇಳಿದರೆ ಕಲ್ಲು ಹೀರುತ್ತದೆ, ಸೀಲರ್ ಬಳಿಯಬೇಕು.

ಬಿಸಿ ಕುಕ್ಕರ್ ಇಟ್ಟರೆ ಗ್ರಾನೈಟ್‌ಗೆ ಸಾಮಾನ್ಯವಾಗಿ ಏನಾಗದು. ಬಿರುಕು ಬರುವುದು ಹೆಚ್ಚಾಗಿ ಒಲೆಗೂ ಸಿಂಕಿಗೂ ಕೊರೆದ ಜಾಗದಲ್ಲಿ, ಅಲ್ಲಿ ಉಳಿಯುವ ಪಟ್ಟಿ ಸಪೂರ. ಮೂಲೆಗಳನ್ನು ಚೌಕವಾಗಿ ಕೊರೆಯದೆ ದುಂಡಗೆ ಮಾಡಿಸಿ, ಆ ಪಟ್ಟಿಯ ಅಡಿಗೆ ಆಧಾರ ಕೊಡಿಸಿ.