ಗಂಟು ಹೆಗಲ ಮ್ಯಾಲ ಐತಿ, ನೋಡ್ರಿ

"ಸಂಪಾದಕರಿಗೆ ನಮಸ್ಕಾರ. ಡಿವೋರ್ಸ್ ಆರ್ಡರ್ ಬಂದು ಎರಡು ತಿಂಗಳಾತು. ಬೆಂಗಳೂರಾಗಿರೋ ಕಸಿನ್ ವಿಡಿಯೋ ಕಾಲ್‌ನ್ಯಾಗ ಟ್ಯಾರೋ ಕಾರ್ಡ್ ಹಾಸಿ ಭವಿಷ್ಯ ನೋಡಿದ್ಲು. ಹಿಂದಿಂದಕ್ಕ ಥ್ರೀ ಆಫ್ ಸೋರ್ಡ್ಸ್, ಈಗಿಂದಕ್ಕ ಫೂಲ್, ಮುಂದಿಂದಕ್ಕ ಫೋರ್ ಆಫ್ ಪೆಂಟಕಲ್ಸ್ ಬಂತು. ಫೂಲ್ ಅಂದ್ರ ಹೊಸ ಜೀವನ, ಸಾಲಿ ನೌಕರಿ ಬಿಟ್ಟು ಕೇಕ್ ಬಿಸಿನೆಸ್ ಹಚ್ಚು ಅಂತಾಳ. ನಮ್ಮಣ್ಣ, ಹುಚ್ಚರ ಕಾರ್ಡ್ ಬಂದೈತಿ, ಸುಮ್ನ ಮನ್ಯಾಗ ಕುಂದ್ರು ಅಂತಾನ. ಯಾರ ಮಾತು ಕೇಳ್ಲಿ?" – ಒಬ್ಬ ಓದುಗಿ, ಧಾರವಾಡ

ಅಕ್ಕಾರ, ನಿಮ್ಮಣ್ಣನ ಮಾತು ಪೂರಾ ತಗದು ಹಾಕೂ ಹಂಗಿಲ್ರಿ. ಈಗ ಎಲ್ಲಾರ ಕೈಯಾಗ ಓಡ್ಯಾಡೂದು ಬಹಳಷ್ಟು 1909ರಾಗ ಲಂಡನ್ನಿಂದ ಬಂದ ರೈಡರ್ ಡೆಕ್ಕಿನ ಚಿತ್ರಗಳು, ಅದನ್ನ ಮಾಡಿಸಿದ ಎ. ಇ. ವೇಟ್ ಅನ್ನಾಂವನ ಫೂಲ್ ಕಾರ್ಡಿಗೆ ಬರ್ದ ಅರ್ಥ ನೋಡಿದ್ರ ಹುಚ್ಚಾಟ, ದುಂದುಗಾರಿಕಿ, ನಿಶೆ ಇಂಥಾವ ಅದಾವು. ಹೊಸ ಜೀವನ ಅನ್ನೂದನ್ನ ಆಮ್ಯಾಲಿನ ಮಂದಿ ಬೆಳೆಸಿದ್ರು. ಅಣ್ಣಗ ಇಷ್ಟು ಮಾರ್ಕ್ಸ್ ಕೊಟ್ಟು ಕುಂದ್ರಸ್ರಿ, ಉಳದಿದ್ದಕ್ಕೆಲ್ಲಾ ನಾ ಫೂಲ್ ಪಾರ್ಟಿ.

ಅರ್ಥ ಬಿಡ್ರಿ, ಚಿತ್ರ ನೋಡ್ರಿ. ಬರ್ದಾಕಿ ಪಮೇಲಾ ಕೋಲ್ಮನ್ ಸ್ಮಿತ್. ಕೊರಕಲಿನ ತುದಿಗೆ ಒಬ್ಬ ಹುಡುಗ, ಮಾರಿ ಮ್ಯಾಲ ಎತ್ಯಾನ, ಎಡಗೈಯಾಗ ಬಿಳಿ ಗುಲಾಬಿ, ಕಾಲ ಹತ್ರ ಬಿಳಿ ನಾಯಿ ಜಿಗೀತೈತಿ, ನಂಬರು ಸೊನ್ನೆ. ಎಲ್ಲಾರೂ ಕೊರಕಲಾ ನೋಡಿ ಅಂಜತಾರ, ಇಲ್ಲಾ ಸೂರ್ಯಾನ್ನ ನೋಡಿ ಖುಷಿ ಆಗ್ತಾರ, ಬಲ ಹೆಗಲಿನ ಕೋಲಿಗೆ ಕಟ್ಟಿದ ಗಂಟು ಮಾತ್ರ ಯಾರಿಗೂ ಕಾಣೂದಿಲ್ಲ! ಅಂವ ಬರಿಗೈಲೆ ಹೊಂಟಿಲ್ರಿ. ನಿಮ್ಮ ಸಾಲಿ ನೌಕರಿ, ಬಿ.ಎಡ್., ಪಿ.ಎಫ್., ನಿಮ್ಮ ಹೆಸರಿನ ಪಾಸ್‌ಬುಕ್ ಎಲ್ಲಾ ಆ ಗಂಟಿನ್ಯಾಗ ಅದಾವು, ಹೊಸ ಜೀವನ ಅಂತ ಅದನ್ನ ಕೊರಕಲಿಗೆ ಒಗೀರಿ ಅಂತ ಕಾರ್ಡಿನ್ಯಾಗ ಎಲ್ಲೈತಿ?

ನಿಮ್ಮ ಕಸಿನ್ ನಡುವಿಂದೊಂದ ಕಾರ್ಡ್ ಓದಿ ಎದ್ದಾಳ. ಮೂರು ಹಾಸಿದ ಮ್ಯಾಲ ಮೂರೂ ಕೂಡ್ಸಿ ಓದಬೇಕು. ಮೊದಲಿಂದು ಮಳ್ಯಾಗ ಮೂರು ಕತ್ತಿ ಚುಚ್ಚಿದ ಹೃದಯ, ಅದರ ಬಗ್ಗೆ ನಿಮಗ ನಾ ಹೇಳೂದೇನೂ ಇಲ್ಲ. ಕಡೀದು ನೋಡ್ರಿ. ಕಿರೀಟ ಹಾಕ್ಕೊಂಡು ಕುಂತಾಂವ, ತಲಿ ಮ್ಯಾಲ ಒಂದು ನಾಣ್ಯ, ಎರಡೂ ಕೈಲೆ ಎದಿಗೆ ಅವಚಿಕೊಂಡಿದ್ದೊಂದು, ಕಾಲಾಗ ಒತ್ತಿ ಹಿಡದಿದ್ದು ಎರಡು. ಇದ್ದದ್ದನ್ನ ಗಟ್ಟಿ ಹಿಡಕೊಳ್ಳೂ ಕಾರ್ಡದು. ಫೂಲ್ ಮುಂದ ಅದು ಬಂದೈತಿ ಅಂದ್ರ ನಾನಂತೂ ಹಿಂಗ ಓದ್ತೀನಿ: ಹೊಂಡ್ರಿ, ಆದ್ರ ಪಗಾರ ಬಿಡಬ್ಯಾಡ್ರಿ. ಶನಿವಾರ ಮಧ್ಯಾಹ್ನದಿಂದ ರವಿವಾರದ ತನಕ ಕೇಕ್ ಆರ್ಡರ್ ತಗೋರಿ, ಮೈದಾ, ತುಪ್ಪ, ಗ್ಯಾಸು, ಡೆಲಿವರಿ ಹುಡುಗನ ರೊಕ್ಕ ಎಲ್ಲಾ ಕಳದು ಉಳದಿದ್ದನ್ನ ಬ್ಯಾರೆ ಖಾತೆಗೆ ಹಾಕ್ರಿ, ಆ ಉಳದಿದ್ದು ಪಗಾರದ ಹತ್ರ ಬರೂತನಕ ರಾಜೀನಾಮೆ ಮಾತು ತಗೀಬ್ಯಾಡ್ರಿ.

ಇನ್ನ ನಿಮ್ಮಣ್ಣನ "ಸುಮ್ನ ಕುಂದ್ರು". ಇದಕ್ಕ ನನಗ ಸಿಟ್ಟು. ಟ್ಯಾರೋ ಹುಟ್ಟಿದ್ದು ಭವಿಷ್ಯಕ್ಕಲ್ರಿ, 15ನೇ ಶತಮಾನದ ಇಟಲಿಯೊಳಗ ಇಸ್ಪೀಟ್ ಆಟಕ್ಕ, ಶಾಸ್ತ್ರ ಕೇಳೂದು ದೊಡ್ಡದಾಗಿ ಹಬ್ಬಿದ್ದು 18ನೇ ಶತಮಾನದಾಗ ಫ್ರಾನ್ಸಿನಿಂದ. ಫ್ರಾನ್ಸಿನ್ಯಾಗ ಆ ಆಟ ಇವತ್ತೂ ಆಡ್ತಾರ. ಅದರಾಗ ಫೂಲ್ ಎಲೀಗೆ ಒಂದು ಮಜಾ ಐತಿ: ಎಂಥಾ ಸುತ್ತಿನ್ಯಾಗಾದ್ರೂ ಇಳಸಬಹುದು, ಮಂದಿ ಹಾಕಿದ ಬಣ್ಣಾನ ನೀವೂ ಹಾಕಬೇಕಂತಿಲ್ಲ. ಸುತ್ತು ನಿಮಗ ಸಿಗೂದಿಲ್ಲ, ಆದ್ರ ಎಲಿ ನಿಮ್ಮ ಕಡೇನ ಉಳೀತೈತಿ, ಬದಲಿ ಒಂದು ಸಣ್ಣ ಎಲಿ ಕೊಟ್ರಾತು. ಈಗ ಬರೇ ಹುಷಾರಿ ಹುಷಾರಿ ಅಂತ ಅದನ್ನ ಕಡೀ ಸುತ್ತಿನ ತನಕ ಬಚ್ಚಿಟ್ಟು ಆಮ್ಯಾಲ ಹಾಕಿದ್ರ, ಸಾಮಾನ್ಯ ಆಟದಾಗ ಅದು ಎದುರಿನವರ ಪಾಲು. ಇದನ್ನ ಅಣ್ಣಗ ಓದಿ ಹೇಳ್ರಿ.

ನಮ್ಮೂರ ಮಂದೀದೂ ಹೇಳ್ತೀನಿ ತಡೀರಿ. ಡಿವೋರ್ಸ್ ಆದ ಗಂಡಸಿಗೆ ಆರು ತಿಂಗಳಾಗೂದ್ರಾಗ ಹೆಣ್ಣು ಹುಡುಕ್ತಾರ, ಹೆಣ್ಮಗಳಿಗೆ ಬಾಡಿಗಿ ಮನಿ ಸಿಗೂದಿಲ್ಲ. ನಮ್ಮ ಓಣ್ಯಾಗ ಒಬ್ಬಾಕಿಗೆ ಮನಿ ಮಾಲಕ "ಯಜಮಾನ್ರು ಯಾವಾಗ ಬರ್ತಾರ" ಅಂತ ಅಡ್ವಾನ್ಸ್ ರೊಕ್ಕ ಕೈಯಾಗ ಹಿಡಕೊಂಡ ಕೇಳಿದ, ಉತ್ತರ ಕೇಳಿ ರೊಕ್ಕ ವಾಪಸ್ ಕೊಟ್ಟ. ಸೀಮಂತಕ್ಕ ಕರದ್ರೂ ಉಡಿ ತುಂಬಾಕ ಮುಂದ ಬಿಡೂದಿಲ್ಲ. ಇಂಥಾ ಟೈಮಿಗೇ ಟ್ಯಾರೋ ಪ್ಯಾಕೇಜ್ ಮಾರಾವ್ರು ಗಂಟು ಬೀಳ್ತಾರ, ಬೇಕಾದ ಉತ್ತರ ಬರೂತನಕ ಕ್ಲಾರಿಫೈಯರ್ ಅಂತ ಇನ್ನೊಂದು ಕಾರ್ಡ್ ತಗೀತಾರ, ಒಂದೊಂದಕ್ಕೂ ರೊಕ್ಕ. ನಿಮ್ಮ ಕಸಿನ್ ಪುಕ್ಕಟೆ ನೋಡ್ಯಾಳ, ಆಕೀನ ಬೈಯೂದಿಲ್ಲ.

ನಿಮ್ಮನ್ನ ಮಾತ್ರ ಸ್ವಲ್ಪ ಬೈತೀನಿ. "ಯಾರ ಮಾತು ಕೇಳ್ಲಿ" ಅಂತ ಯಾಕ ಬರದ್ರಿ? ಎಂಟು ಸಾಲಿನ ಪತ್ರದಾಗ ಅಣ್ಣ ಏನಂದ, ಕಸಿನ್ ಏನಂದ್ಲು ಎಲ್ಲಾ ಐತಿ, ಕೇಕ್ ಮಾಡೂದು ನಿಮಗ ಸೇರ್ತೈತೋ ಇಲ್ಲೋ ಅನ್ನೂದು ಒಂದು ಸಾಲೂ ಇಲ್ಲ. ಮುಂದಿನ ಪತ್ರದಾಗ ಅದನ್ನ ಬರೀರಿ.

– ಸಂಪಾದಕ